ಐಇಎಲ್‌ಟಿಎಸ್ ಲಿಸನಿಂಗ್: ಹೆಸರು, ನಂಬರು, ವಿಳಾಸ ಕೇಳಿಸಿಕೊಂಡು ತಪ್ಪಿಲ್ಲದೆ ಬರೆಯುವುದು

ಹಾಸನ ಕಡೆಯ ಒಬ್ಬ ನರ್ಸ್ ನನ್ನ ಹತ್ತಿರ ಐಇಎಲ್‌ಟಿಎಸ್‌ಗೆ ತಯಾರಿ ಮಾಡುತ್ತಿದ್ದರು. ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಒಂದು ದಿನ ಅಭ್ಯಾಸದ ಪರೀಕ್ಷೆಯಲ್ಲಿ ಅವರು ಬರೆದ ಮೊದಲ ಉತ್ತರ ನೋಡಿದೆ: `Haagaeaves`. ಬರಬೇಕಿದ್ದದ್ದು `Hargreaves`. ಹತ್ತು ಅಕ್ಷರಕ್ಕೆ ಹತ್ತು ಅಕ್ಷರ ಬರೆದಿದ್ದಾರೆ, ಒಂದೂ ಬಿಟ್ಟಿಲ್ಲ. ಆದರೆ ಎರಡು ಕಡೆ R ಬದಲು A.

"ಸರ್, ಆರ್ ಅಂತ ಎಲ್ಲೂ ಹೇಳಲೇ ಇಲ್ಲ. ಬೇಕಾದರೆ ಇನ್ನೊಮ್ಮೆ ಹಾಕಿ" ಅಂದರು.

ಹಾಕಿ ಕೇಳಿದೆವು. ಅವರು ಹೇಳಿದ್ದು ನಿಜ. ಟೇಪಿನಲ್ಲಿದ್ದ ಇಂಗ್ಲೆಂಡಿನ ಗಂಡಸು "ಆರ್" ಅನ್ನಲೇ ಇಲ್ಲ, "ಆ" ಅಂದ. ಅವರ ಊರಿನಲ್ಲಿ ಆ ಅಕ್ಷರದ ಹೆಸರೇ ಹಾಗೆ. ನಾವು ಶಾಲೆಯಲ್ಲಿ ಕಲಿತ ಎ, ಬಿ, ಸಿ, ಡಿ ಬೇರೆ, ಟೇಪಿನಲ್ಲಿ ಕೇಳುವ ಎ, ಬಿ, ಸಿ, ಡಿ ಬೇರೆ. ಫಾರ್ಮ್ ತುಂಬುವ ಪ್ರಶ್ನೆಗಳಲ್ಲಿ ನಮ್ಮವರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಈ ಲೇಖನದಲ್ಲಿ ಒಂದೇ ಒಂದು ಫಾರ್ಮ್ ಇಟ್ಟುಕೊಂಡು, ಅದರ ಸಾಲು ಸಾಲಿನಲ್ಲೂ ಏನು ಕೇಳುತ್ತದೆ, ಏನು ಬರೆಯಬೇಕು, ಎಲ್ಲಿ ಜಾರುತ್ತೇವೆ ಅಂತ ನೋಡೋಣ.

ಈ ಪ್ರಶ್ನೆ ಬರುವುದು ಎಲ್ಲಿ

ಲಿಸನಿಂಗ್ ಪರೀಕ್ಷೆಯಲ್ಲಿ ನಾಲ್ಕು ಭಾಗ, ಒಟ್ಟು 40 ಪ್ರಶ್ನೆ, ಸುಮಾರು ಅರ್ಧ ಗಂಟೆ. ಮೊದಲ ಭಾಗದಲ್ಲಿ ಇಬ್ಬರ ಮಾತುಕತೆ ಇರುತ್ತದೆ. ಮನೆ ಬಾಡಿಗೆ, ಗ್ರಂಥಾಲಯದ ಸದಸ್ಯತ್ವ, ಹೋಟೆಲ್ ಬುಕಿಂಗ್, ಹೀಗೆ ದಿನನಿತ್ಯದ ವಿಷಯ. ಒಬ್ಬರು ಕೇಳುತ್ತಾ ಹೋಗುತ್ತಾರೆ, ಇನ್ನೊಬ್ಬರು ಹೇಳುತ್ತಾ ಹೋಗುತ್ತಾರೆ, ನೀವು ಫಾರ್ಮ್ ತುಂಬಬೇಕು. ಟೇಪ್ ಒಂದೇ ಸಲ. ಕಾಗುಣಿತ ತಪ್ಪಿದರೆ ಆ ಅಂಕ ಹೋದಂತೆಯೇ. ಅರ್ಧ ಅಂಕ ಅಂತ ಇಲ್ಲ.

ನಾವು ತೆಗೆದುಕೊಳ್ಳುವ ಫಾರ್ಮ್ ಇದು. ಅಭ್ಯಾಸಕ್ಕೆಂದು ನಾನೇ ಮಾಡಿದ್ದು. ಬ್ರಿಸ್ಟಲ್ ಊರಿನಲ್ಲಿ ಒಬ್ಬ ಸೈಕಲ್ ಬಾಡಿಗೆಗೆ ಕೇಳುತ್ತಿದ್ದಾನೆ ಅಂದುಕೊಳ್ಳಿ.

```
BIKE HIRE - CUSTOMER FORM
Write ONE WORD AND/OR A NUMBER

Name:      Paul (1) ________
Address:   (2) ____ (3) ________ Lane, Bristol
Postcode:  (4) ________
Mobile:    (5) ________
Deposit:   £ (6) ____
```

ಟೇಪ್ ಶುರುವಾಗುವ ಮುಂಚೆ

ಮಾತುಕತೆ ಶುರುವಾಗುವ ಮುಂಚೆ ಪ್ರಶ್ನೆ ಓದಿಕೊಳ್ಳಲು ಸ್ವಲ್ಪ ಸಮಯ ಕೊಡುತ್ತಾರೆ. ಅರ್ಧ ನಿಮಿಷದ ಆಸುಪಾಸು ಅಂತಿಟ್ಟುಕೊಳ್ಳಿ. ತುಂಬಾ ಜನ ಇದನ್ನು ಸುಮ್ನೆ ಕಣ್ಣಾಡಿಸಿ ಕಳೆಯುತ್ತಾರೆ. ನೀವು ಎರಡೇ ಕೆಲಸ ಮಾಡಿ.

ಮೊದಲನೆಯದು, ಪ್ರತಿ ಖಾಲಿ ಜಾಗದಲ್ಲಿ ಎಂಥದ್ದು ಬರಬೇಕು ಅಂತ ಗುರುತಿಸಿ. (1) ಅಕ್ಷರ. (2) ಅಂಕಿ. (3) ಅಕ್ಷರ. (4) ಅಕ್ಷರ, ಅಂಕಿ ಎರಡೂ ಬೆರೆತದ್ದು. (5) ಮತ್ತು (6) ಅಂಕಿ. ಪೇಪರ್ ಪರೀಕ್ಷೆಯಾದರೆ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಬಹುದು. ಹೀಗೆ ಮಾಡಿದ್ದರೆ "ಎಯ್ಟ್" ಅಂತ ಕೇಳಿದಾಗ ಅದು 8 ಇರಬೇಕೋ A ಇರಬೇಕೋ ಅಂತ ಕೈಗೆ ಮೊದಲೇ ಗೊತ್ತಿರುತ್ತದೆ.

ಎರಡನೆಯದು, ಆಗಲೇ ಏನು ಅಚ್ಚಾಗಿದೆ ನೋಡಿ. ಇಲ್ಲಿ `Lane` ಇದೆ, `£` ಇದೆ. ಅಂದರೆ ಇವೆರಡನ್ನೂ ನೀವು ಮತ್ತೆ ಬರೆಯಬಾರದು. ಒಂದೇ ಪದ ಬರೆಯಿರಿ ಅಂದಿರುವಾಗ `Merritt Lane` ಅಂತ ಬರೆದರೆ ಎರಡು ಪದ ಆಯಿತು, ಹೆಸರು ಸರಿ ಇದ್ದರೂ ಉತ್ತರ ತಪ್ಪು. ಈ ಮಿತಿ ಪ್ರತಿ ಪರೀಕ್ಷೆಯಲ್ಲೂ ಬದಲಾಗುತ್ತದೆ, ಒಂದೇ ಪರೀಕ್ಷೆಯ ಬೇರೆ ಬೇರೆ ಭಾಗದಲ್ಲೂ ಬದಲಾಗಬಹುದು. ಪ್ರತಿ ಸಲ ಓದಲೇಬೇಕು.

ಹೆಸರು: ಅಕ್ಷರಗಳ ಹೊಸ ಪರಿಚಯ

ಅಂಗಡಿಯ ಹೆಂಗಸು ಹೆಸರು ಕೇಳುತ್ತಾರೆ. ಆತ "ಪಾಲ್ ಹಾಗ್ರೀವ್ಸ್" ಅಂತಾನೆ. ಆಮೇಲೆ ಬಿಡಿಸಿ ಹೇಳುತ್ತಾನೆ: "ಎಯ್ಚ್, ಎಯ್, ಆ, ಜೀ, ಆ, ಈ, ಎಯ್, ವೀ, ಈ, ಎಸ್."

ಇದನ್ನು ಒಮ್ಮೆ ಜೋರಾಗಿ ಓದಿ. ನಮ್ಮ ಬಾಯಲ್ಲಿ ಇದೇ ಹೆಸರು "ಹೆಚ್, ಎ, ಆರ್, ಜಿ, ಆರ್, ಇ, ಎ, ವಿ, ಇ, ಎಸ್" ಆಗುತ್ತದೆ. ವ್ಯತ್ಯಾಸ ಎಷ್ಟಿದೆ ಅಲ್ವಾ? ಒಂದೊಂದಾಗಿ ನೋಡೋಣ.

R ಬಗ್ಗೆ ಆಗಲೇ ಹೇಳಿದೆ. ಇಂಗ್ಲೆಂಡಿನ ದಕ್ಷಿಣದವರು, ಆಸ್ಟ್ರೇಲಿಯಾದವರು ಅದನ್ನು "ಆ" ಅನ್ನುತ್ತಾರೆ. ಅಮೆರಿಕ, ಐರ್ಲೆಂಡ್, ಸ್ಕಾಟ್ಲೆಂಡಿನವರಾದರೆ ರಕಾರ ಕೇಳುತ್ತದೆ. ಗಟ್ಟಿ ಮಾಡಿಕೊಳ್ಳಬೇಕಾದ ನಿಯಮ ಒಂದೇ: ಬಿಡಿಸಿ ಹೇಳುವಾಗ ಉದ್ದನೆಯ ಶುದ್ಧ "ಆ" ಕೇಳಿದರೆ ಅದು R. ಯಾವ ಇಂಗ್ಲಿಷರೂ A ಅಕ್ಷರವನ್ನು "ಆ" ಅನ್ನುವುದಿಲ್ಲ. ಒಂದು ಚಿಕ್ಕ ತಿರುವು ಇದೆ. R ಆದ ಮೇಲೆ E ಬಂದರೆ, ನಿಲ್ಲಿಸದೆ ಹೇಳುವಾಗ ಎರಡೂ ಸೇರಿ "ಆರೀ" ಅಂತ ಕೇಳಬಹುದು, ನಮ್ಮ ಸಂಧಿಯ ಹಾಗೆ. ಅಲ್ಲಿ ಇರುವುದು R ಮತ್ತು E, ಎರಡೇ ಅಕ್ಷರ.

A ಅಕ್ಷರ ಅವರ ಬಾಯಲ್ಲಿ "ಎಯ್". ಕೊನೆಗೆ ಸ್ವಲ್ಪ ಯಕಾರ ಎಳೆದ ಹಾಗೆ. ಆಸ್ಟ್ರೇಲಿಯಾದವರ ಬಾಯಲ್ಲಿ ಇದು ಇನ್ನೂ ಅಗಲವಾಗಿ "ಐ" ಹತ್ತಿರ ಹೋಗುತ್ತದೆ. ನಮ್ಮ ಕಿವಿ ಅದನ್ನು I ಅಂತ ಹಿಡಿದುಬಿಡುತ್ತದೆ. ಆಸ್ಟ್ರೇಲಿಯಾದ I ಅಕ್ಷರ ಮಾತ್ರ "ಆಯ್" ಅಥವಾ "ಒಯ್" ಕಡೆ ವಾಲುತ್ತದೆ. ಹೀಗಾಗಿ ಟೇಪ್ ಶುರುವಾದ ಮೊದಲ ಕೆಲವು ವಾಕ್ಯಗಳಲ್ಲಿ, "ಟುಡೇ", "ಡೇ", "ನೇಮ್" ಥರದ ಪದಗಳನ್ನು ಹೇಗೆ ಹೇಳುತ್ತಾರೆ ಅಂತ ಗಮನಿಸಿ. "ಟುಡೈ" ಅಂದರೆ ಅವರ A "ಐ" ಥರ ಬರುತ್ತದೆ ಅಂತ ಮೊದಲೇ ಗೊತ್ತಾಯಿತು.

H ನಮಗೆ "ಹೆಚ್". ಅವರಿಗೆ "ಎಯ್ಚ್". ಇದು 8ಕ್ಕೆ, ಅಂದರೆ "ಎಯ್ಟ್"ಗೆ ತೀರಾ ಹತ್ತಿರ. ಇದರ ಕಥೆ ಪಿನ್‌ಕೋಡ್ ಸಾಲಿನಲ್ಲಿ ಮತ್ತೆ ಬರುತ್ತದೆ.

G ಮತ್ತು J ಗೊಂದಲ ಎಲ್ಲರಿಗೂ ಗೊತ್ತು. "ಜೀ" ಅಂದರೆ G, "ಜೇಯ್" ಅಂದರೆ J. ಆದರೆ ನಮಗೆ ಇನ್ನೊಂದು ತೊಡಕು ಇದೆ. ಕನ್ನಡದಲ್ಲಿ z ಸದ್ದು ಇಲ್ಲ, ಅದನ್ನು ನಾವು ಜಕಾರ ಮಾಡಿಕೊಳ್ಳುತ್ತೇವೆ. ಬ್ರಿಟಿಷರು Z ಅಕ್ಷರವನ್ನು "ಝೆಡ್" ಅನ್ನುತ್ತಾರೆ, ತೊಂದರೆಯಿಲ್ಲ. ಅಮೆರಿಕದವರು "ಝೀ" ಅನ್ನುತ್ತಾರೆ. ನಮ್ಮ ಕಿವಿಗೆ ಅದು ಅಪ್ಪಟ "ಜೀ". ಜೇನುನೊಣ ಗುಂಯ್‌ಗುಡುವ ಹಾಗೆ ಹಲ್ಲಿನ ಹಿಂದೆ ಎಳೆದ ಸದ್ದಾದರೆ Z, ನಾಲಿಗೆ ಮೇಲಕ್ಕೆ ತಾಗಿ ಬಿಟ್ಟ ಸದ್ದಾದರೆ G.

ಎಲ್ಲಕ್ಕಿಂತ ಕಷ್ಟದ್ದು B ಮತ್ತು P, D ಮತ್ತು T. ಇಲ್ಲಿ ಕನ್ನಡದ ವ್ಯಾಕರಣವೇ ನಮಗೆ ಸಹಾಯಕ್ಕೆ ಬರುತ್ತದೆ. ಇಂಗ್ಲಿಷರು ಪದದ ಮೊದಲಲ್ಲಿ P ಹೇಳುವಾಗ ಉಸಿರು ಹೊರಗೆ ತಳ್ಳುತ್ತಾರೆ. ನಮ್ಮ ಮಹಾಪ್ರಾಣದ ಹಾಗೆ. ಅವರ P ನಮ್ಮ ಫಕಾರಕ್ಕೆ ಹತ್ತಿರ (ಹಲ್ಲು ತುಟಿ ತಾಗಿಸಿದ f ಅಲ್ಲ, ಹಳೆಯ ಮೇಷ್ಟ್ರು "ಫಲ" ಅನ್ನುವಾಗ ಬರುತ್ತಿದ್ದ ಫಕಾರ). ಅವರ B ಮಾತ್ರ ನಮ್ಮ ಬಕಾರದಷ್ಟು ಗುಂಯ್ ಅನ್ನುವುದಿಲ್ಲ, ಎಷ್ಟೋ ಸಲ ನಮ್ಮ ಪಕಾರದ ಹಾಗೇ ಕೇಳುತ್ತದೆ. ಅದಕ್ಕೇ ಅವರು B ಅಂದಾಗ ನಮ್ಮವರು P ಬರೆಯುತ್ತಾರೆ. ಹಾಗಾಗಿ ಬಕಾರವೋ ಪಕಾರವೋ ಅಂತ ಯೋಚಿಸಬೇಡಿ. ಉಸಿರು ಬಂತೋ ಇಲ್ಲವೋ ಅಂತ ಕೇಳಿ. ಉಸಿರು ಬಂದರೆ P, ಬರದಿದ್ದರೆ B. T ಮತ್ತು D ಗೂ ಇದೇ ಲೆಕ್ಕ. ಈ ಒಂದು ವಿಷಯ ಹೇಳಿಕೊಟ್ಟ ಮೇಲೆ ತುಂಬಾ ಜನರ ಕಿವಿ ಒಂದು ವಾರದಲ್ಲೇ ತಿದ್ದಿಕೊಂಡಿದ್ದನ್ನು ನಾನು ನೋಡಿದ್ದೇನೆ.

M ಮತ್ತು N, F ಮತ್ತು S ಕೂಡ ಬೆರೆಯುತ್ತವೆ. ಅದೃಷ್ಟಕ್ಕೆ ಇವು ಅವರಿಗೂ ಬೆರೆಯುತ್ತವೆ. ಅದಕ್ಕೇ "ಎಮ್ ಫಾರ್ ಮದರ್", "ಎಸ್ ಫಾರ್ ಶುಗರ್" ಅಂತ ಸೇರಿಸುತ್ತಾರೆ. ಆ "ಫಾರ್" ಆದ ಮೇಲಿನ ಪದವನ್ನು ಉತ್ತರದೊಳಗೆ ಬರೆಯಬೇಡಿ. ಗಾಬರಿಯಲ್ಲಿ `4` ಅಂತ ಬರೆದವರೂ ಇದ್ದಾರೆ.

ಅಕ್ಷರಗಳನ್ನು ಎ ಯಿಂದ ಝಡ್‌ವರೆಗೆ ಸಾಲಾಗಿ ಅಭ್ಯಾಸ ಮಾಡಿದರೆ ಕಿವಿಗೆ ಲಾಭ ಕಮ್ಮಿ. ಸದ್ದಿನ ಗುಂಪು ಮಾಡಿಕೊಳ್ಳಿ. ಬ್ರಿಟಿಷ್ ಉಚ್ಚಾರಣೆಯಲ್ಲಿ ಅವು ಹೀಗೆ ಕೂರುತ್ತವೆ:

```
ಎಯ್ : A H J K
ಈ   : B C D E G P T V
ಎ   : F L M N S X Z
ಐ   : I Y
ಓ   : O
ಊ   : Q U W
ಆ   : R
```

ತಪ್ಪು ಆಗುವುದು ಹೆಚ್ಚಾಗಿ ಒಂದೇ ಸಾಲಿನ ಒಳಗೆ. ಎರಡನೇ ಸಾಲು ನೋಡಿ, ಎಂಟು ಅಕ್ಷರ ಒಂದೇ ಸ್ವರದ ಮೇಲೆ ನಿಂತಿವೆ. ನಿಮ್ಮ ಅಭ್ಯಾಸದ ಅರ್ಧ ಸಮಯವನ್ನು ಆ ಸಾಲಿಗೇ ಕೊಡಿ.

ಹೆಸರು ಬರೆಯುವಾಗ ಇನ್ನೊಂದು ಮಾತು. ಬಿಡಿಸಿ ಹೇಳುವುದಕ್ಕೆ ಮುಂಚೆ ಇಡೀ ಹೆಸರು ಒಮ್ಮೆ ಕೇಳುತ್ತದೆ. ಆಗ ಬರೆಯಲು ಹೋಗಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ಬಿಡಿಸುವಾಗ ಒಂದೊಂದೇ ಅಕ್ಷರ ಬರೆಯಿರಿ, ಪದ ಊಹಿಸಬೇಡಿ. "ಹಾಗ್ರೀವ್ಸ್" ಅಂತ ಕೇಳಿದ ತಕ್ಷಣ ಕೈ `Hagrives` ಅಂತ ಓಡುತ್ತದೆ, ಯಾಕೆಂದರೆ ನಾವು ಕನ್ನಡದಲ್ಲಿ ಕೇಳಿದ ಹಾಗೇ ಬರೆಯುವವರು. ಇಂಗ್ಲಿಷ್ ಹೆಸರುಗಳು ಆ ಮಾತು ಕೇಳುವುದಿಲ್ಲ. ಒಂದು ಅಕ್ಷರ ತಪ್ಪಿಹೋದರೆ ಅಲ್ಲಿ ಒಂದು ಗೆರೆ ಬಿಟ್ಟು ಮುಂದಿನದನ್ನು ಹಿಡಿಯಿರಿ. ತಪ್ಪಿದ್ದನ್ನು ನೆನೆಯುತ್ತಾ ನಿಂತರೆ ಉಳಿದ ಐದೂ ಹೋಗುತ್ತವೆ.

ಕೆಲವು ಸಲ ಪೂರ್ತಿ ಬಿಡಿಸುವುದಿಲ್ಲ, ವ್ಯತ್ಯಾಸ ಮಾತ್ರ ಹೇಳುತ್ತಾರೆ. "ಕ್ಲಾರ್ಕ್ ವಿತ್ ಆನ್ ಈ" ಅಂದರೆ `Clarke`. "ಸ್ಟೀವನ್ ವಿತ್ ಎ ಪಿಎಚ್" ಅಂದರೆ `Stephen`. "ಆನ್ ವಿತೌಟ್ ಆನ್ ಈ" ಅಂದರೆ `Ann`. ಇಂಥ ಜೋಡಿ ಹೆಸರುಗಳನ್ನು ಹತ್ತಿಪ್ಪತ್ತು ಮೊದಲೇ ನೋಡಿಟ್ಟುಕೊಂಡರೆ ಸಾಕು.

ಮನೆ ನಂಬರು: ಹದಿನೆಂಟೋ ಎಂಬತ್ತೋ

ಕನ್ನಡದಲ್ಲಿ ಹದಿನೆಂಟಕ್ಕೂ ಎಂಬತ್ತಕ್ಕೂ ಗೊಂದಲ ಆಗುವ ಮಾತೇ ಇಲ್ಲ. ಇಂಗ್ಲಿಷಿನಲ್ಲಿ "ಎಯ್‌ಟೀನ್", "ಎಯ್ಟಿ". ನಮ್ಮ ಫಾರ್ಮಿನಲ್ಲಿ ಆತ ಹೇಳುವುದು ಹೀಗೆ: ಮೊದಲು 18 ಅಂತಾನೆ, ಆಮೇಲೆ "ನೋ, ಸಾರಿ, ದಟ್ಸ್ ಮೈ ಓಲ್ಡ್ ಪ್ಲೇಸ್" ಅಂತ ತಡೆದು, ಈಗಿನದು 80 ಅಂತಾನೆ.

ಕೋಚಿಂಗ್‌ಗಳಲ್ಲಿ ಒತ್ತು ನೋಡಿ ಕಂಡುಹಿಡಿಯಿರಿ ಅಂತ ಹೇಳಿಕೊಡುತ್ತಾರೆ. ಟೀನ್ ಮೇಲೆ ಒತ್ತು ಬಂದರೆ ಹದಿನೆಂಟರ ಥರದ್ದು, ಮೊದಲ ಭಾಗದ ಮೇಲೆ ಬಂದರೆ ಎಂಬತ್ತರ ಥರದ್ದು ಅಂತ. ಸಂಖ್ಯೆ ಒಂದೇ ನಿಂತಾಗ ಇದು ಸರಿ. ಆದರೆ ಅದರ ಮುಂದೆ ಇನ್ನೊಂದು ಪದ ಬಂದರೆ ಒತ್ತು ಹಿಂದಕ್ಕೆ ಜಾರುತ್ತದೆ. "ಫಿಫ್‌ಟೀನ್ ಪೌಂಡ್ಸ್" ಅನ್ನುವಾಗ ಇಂಗ್ಲಿಷರು "ಫಿಫ್" ಮೇಲೇ ಒತ್ತು ಹಾಕುತ್ತಾರೆ. ಒತ್ತನ್ನೇ ನಂಬಿದವರು ಅಲ್ಲಿ 50 ಬರೆಯುತ್ತಾರೆ. ಅದಕ್ಕೆ ನಾನು ಹೇಳುವುದು, ಕೊನೆ ನೋಡಿ. ಸ್ವರ ಉದ್ದ ಎಳೆದು ನಕಾರದಲ್ಲಿ ನಿಂತರೆ ಹದಿನೆಂಟರ ಥರದ್ದು. ಗಿಡ್ಡಗೆ "ಟಿ" ಅಂತ ಮುಗಿದರೆ ಎಂಬತ್ತರ ಥರದ್ದು. ಅಮೆರಿಕದವರಾದರೆ ಇನ್ನೂ ಸುಲಭ. ಅವರ 30, 40, 80 ರಲ್ಲಿ ಟಕಾರ ಮೆತ್ತಗಾಗಿ "ತರ್ಡಿ, ಫಾರ್ಡಿ, ಎಯ್ಡಿ" ಆಗುತ್ತದೆ. 13, 14, 18 ರಲ್ಲಿ ಟಕಾರ ಗಟ್ಟಿಯಾಗಿ ಉಳಿಯುತ್ತದೆ.

ಸಂಖ್ಯೆಯನ್ನು ಯಾವಾಗಲೂ ಅಂಕಿಯಲ್ಲೇ ಬರೆಯಿರಿ. `eighty` ಅಂತ ಬರೆದರೂ ನಡೆಯುತ್ತದೆ, ಆದರೆ `forty` ಯಲ್ಲಿ u ಸೇರಿಸಿ, `ninety` ಯಲ್ಲಿ e ಬಿಟ್ಟು ಸುಮ್ಮನೆ ಅಂಕ ಕಳೆದುಕೊಳ್ಳುವುದು ಯಾಕೆ?

ಇನ್ನು ಆ ತಿದ್ದುಪಡಿ. ಮೊದಲು ಒಂದು ಹೇಳಿ ಆಮೇಲೆ ಬದಲಾಯಿಸುವುದು ಈ ಭಾಗದಲ್ಲಿ ಪದೇ ಪದೇ ಬರುವ ತಂತ್ರ. "ಸಾರಿ", "ಆಕ್ಚುಯಲಿ", "ನೋ ವೆಯ್ಟ್", "ಐ ಮೀನ್" ಅನ್ನುವ ಪದ ಕೇಳಿದರೆ ಕಿವಿ ನಿಮಿರಬೇಕು. ಕೆಲವು ಸಲ ತಿದ್ದುವುದು ಎದುರಿನವರು. ಅಂಗಡಿಯವರು ತಿರುಗಿ ಹೇಳುತ್ತಾರೆ, ಗಿರಾಕಿ "ನೋ, ಎಯ್ಟಿ" ಅಂತ ಸರಿಮಾಡುತ್ತಾನೆ. ಮೊದಲು ಕೇಳಿದ್ದನ್ನು ಬರೆಯಿರಿ, ಆದರೆ ಆ ವಿಷಯ ಮುಗಿದು ಮುಂದಿನ ಪ್ರಶ್ನೆಗೆ ಮಾತು ಹೋಗುವವರೆಗೂ ಅದನ್ನು ಉತ್ತರ ಅಂತ ನಂಬಬೇಡಿ.

ಬೀದಿಯ ಹೆಸರು ಮತ್ತು ಡಬಲ್

ಬೀದಿ `Merritt Lane`. ಆತ ಬಿಡಿಸುವುದು: "ಎಮ್, ಈ, ಡಬಲ್ ಆ, ಐ, ಡಬಲ್ ಟೀ."

ಡಬಲ್ ಅನ್ನುವುದು ನಮಗೆ ಹೊಸದಲ್ಲ. ಫೋನ್ ನಂಬರ್ ಹೇಳುವಾಗ ನಾವೂ "ಡಬಲ್ ನೈನ್" ಅನ್ನುತ್ತೇವೆ. ಆದರೂ ಪರೀಕ್ಷೆಯ ಗಡಿಬಿಡಿಯಲ್ಲಿ ಆಗುವ ತಪ್ಪು ಏನೆಂದರೆ, ಡಬಲ್ ಅಂದ ತಕ್ಷಣ ಆಗಲೇ ಬರೆದ ಅಕ್ಷರವನ್ನು ಇನ್ನೊಮ್ಮೆ ಬರೆಯುವುದು. `Mee...` ಅಂತ ಶುರುವಾಗಿಬಿಡುತ್ತದೆ. ಡಬಲ್ ಯಾವಾಗಲೂ ಮುಂದಿನದಕ್ಕೆ ಅಂಟಿದ್ದು. ಡಬಲ್ ಕೇಳಿದಾಗ ಪೆನ್ಸಿಲ್ ನಿಲ್ಲಿಸಿ, ಮುಂದಿನ ಸದ್ದು ಬಂದ ಮೇಲೆ ಎರಡು ಸಲ ಬರೆಯಿರಿ. ಇಲ್ಲಿ "ಡಬಲ್ ಆ" ಅಂದರೆ ಎರಡು R ಅನ್ನುವುದು ಈಗ ನಿಮಗೆ ಗೊತ್ತು. ಅಂದ ಹಾಗೆ W ಕೂಡ "ಡಬಲ್ ಯೂ" ಅಂತಲೇ ಕೇಳುತ್ತದೆ. ಇಂಗ್ಲಿಷ್ ಹೆಸರುಗಳಲ್ಲಿ ಎರಡು U ಒಟ್ಟಿಗೆ ಬರುವುದು ತೀರಾ ಅಪರೂಪ, ಹಾಗಾಗಿ W ಅಂತಲೇ ಬರೆಯಿರಿ.

ಇಲ್ಲಿ ಹೆಸರು ಬಿಡಿಸಿ ಹೇಳಿದರು. ಆದರೆ ಬೀದಿಯ ಹೆಸರು ಮಾಮೂಲಿ ಪದವಾಗಿದ್ದರೆ ಬಿಡಿಸುವುದಿಲ್ಲ. `Bridge`, `Church`, `Station`, `Queen`, `Castle`, `Orchard` ಇವು ನಿಮಗೆ ಬರುತ್ತವೆ ಅಂತಲೇ ಅವರ ಲೆಕ್ಕ. `Castle` ನಲ್ಲಿ t ಕೇಳುವುದಿಲ್ಲ, `Bridge` ನಲ್ಲಿ d ಕೇಳುವುದಿಲ್ಲ. ಹಾಗೇ ಬೀದಿಗೆ ಅವರು ಬಳಸುವ ಪದಗಳು. ನಮಗೆ ರೋಡ್, ಸ್ಟ್ರೀಟ್, ಕ್ರಾಸ್, ಮೇನ್ ಗೊತ್ತು. ಅವರಲ್ಲಿ `Avenue`, `Crescent`, `Terrace`, `Close`, `Drive`, `Grove`, `Gardens`, `Square` ಎಲ್ಲ ಬೀದಿಗಳೇ. `Close` ಇಲ್ಲಿ "ಕ್ಲೋಸ್" ಅಂತ ಸಕಾರದಲ್ಲಿ ಮುಗಿಯುತ್ತದೆ. "ಕ್ಲೋಸ್ ಅಂದರಲ್ಲ, ಅಂಗಡಿ ಮುಚ್ಚಿದೆಯಾ" ಅಂತ ಒಬ್ಬರು ನನ್ನನ್ನು ಕೇಳಿದ್ದರು. ಈ ಪದಗಳನ್ನು ನಾಲ್ಕು ಸಲ ಕೈಯಲ್ಲಿ ಬರೆದು ಇಟ್ಟುಕೊಳ್ಳಿ. ಜೊತೆಗೆ ವಾರ, ತಿಂಗಳ ಹೆಸರುಗಳನ್ನೂ. `Wednesday` ಮತ್ತು `February` ಎರಡರಲ್ಲೂ ಬಾಯಿಗೆ ಬರದ ಅಕ್ಷರ ಇದೆ.

ಪಿನ್‌ಕೋಡ್: ಆಕಾರ ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ

ನಮ್ಮ ಪಿನ್‌ಕೋಡ್ ಆರು ಅಂಕಿ. ಬ್ರಿಟನ್ನಿನದು ಅಕ್ಷರ ಮತ್ತು ಅಂಕಿ ಬೆರೆತದ್ದು, ಅವರು ಅದನ್ನು ಪೋಸ್ಟ್‌ಕೋಡ್ ಅನ್ನುತ್ತಾರೆ. ಆತ ಹೇಳುವುದು: "ಬೀ ಎಸ್ ಎಯ್ಟ್, ತ್ರೀ ಈ ಎಯ್ಚ್."

ಎಯ್ಟ್, ಎಯ್ಚ್. ಎರಡೂ ಒಂದೇ ಕೋಡಿನಲ್ಲಿ. ಬರೀ ಕಿವಿಯನ್ನು ನಂಬಿದರೆ `BSH 3E8` ಅಂತಲೂ ಬರೆಯಬಹುದು. ಆದರೆ ಬ್ರಿಟಿಷ್ ಕೋಡಿಗೆ ಒಂದು ಗಟ್ಟಿ ಆಕಾರ ಇದೆ. ಅದು ಎರಡು ತುಂಡು. ಎರಡನೇ ತುಂಡು ಯಾವಾಗಲೂ ಮೂರು: ಒಂದು ಅಂಕಿ, ಆಮೇಲೆ ಎರಡು ಅಕ್ಷರ. ಇದು ತಪ್ಪುವುದೇ ಇಲ್ಲ. ಮೊದಲ ತುಂಡು ಒಂದು ಅಥವಾ ಎರಡು ಅಕ್ಷರದಿಂದ ಶುರುವಾಗಿ, ಆಮೇಲೆ ಅಂಕಿ ಬರುತ್ತದೆ. ಲಂಡನ್ನಿನ ನಡುಭಾಗದಲ್ಲಿ ಮಾತ್ರ ಕೆಲವಕ್ಕೆ ಅಂಕಿಯ ಹಿಂದೆ ಇನ್ನೊಂದು ಅಕ್ಷರ ಇರುತ್ತದೆ, `SW1A` ಥರ.

ಈಗ ನಮ್ಮ ಕೋಡಿಗೆ ಈ ಅಳತೆ ಹಿಡಿಯೋಣ. ಕೊನೆಯ ಎರಡು ಅಕ್ಷರವೇ ಆಗಿರಬೇಕು, ಹಾಗಾಗಿ ಕೊನೆಯದು 8 ಆಗುವುದಿಲ್ಲ, H. ಮೊದಲ ತುಂಡಿನಲ್ಲಿ ಒಂದಾದರೂ ಅಂಕಿ ಇರಬೇಕು, ಅಲ್ಲಿರುವುದು H ಆಗುವುದಿಲ್ಲ, 8. ಉತ್ತರ `BS8 3EH`. ಬ್ರಿಸ್ಟಲ್ ಕೋಡುಗಳು BS ಇಂದಲೇ ಶುರುವಾಗುತ್ತವೆ, ಹಾಗಾಗಿ B ಯೋ P ಯೋ ಅನ್ನುವ ಅನುಮಾನವೂ ಇಲ್ಲ.

ಇನ್ನೊಂದು ಉಪಯೋಗಕ್ಕೆ ಬರುವ ವಿಷಯ. ಆ ಕೊನೆಯ ಎರಡು ಅಕ್ಷರಗಳಲ್ಲಿ C, I, K, M, O, V ಬಳಸುವುದಿಲ್ಲ, ಕೈಬರಹದಲ್ಲಿ ಬೇರೆಯದರ ಜೊತೆ ಬೆರೆಯದಿರಲಿ ಅಂತ. ಅಂದರೆ ಅಲ್ಲಿ M ಕೇಳಿದ ಹಾಗಾದರೆ ಅದು N. V ಕೇಳಿದ ಹಾಗಾದರೆ ಅದು B ಆಗಿರಬಹುದು. ಪರೀಕ್ಷೆಯ ಕಥೆಯಲ್ಲಿ ಬರುವ ಕೋಡುಗಳು ಕಲ್ಪಿತ ಆಗಿರಬಹುದು, ಹಾಗಾಗಿ ಇದನ್ನು ಅನುಮಾನ ಬಂದಾಗ ಮಾತ್ರ ಬಳಸಿ. ಸ್ಪಷ್ಟವಾಗಿ ಕೇಳಿದ್ದನ್ನು ತಿದ್ದುವುದಕ್ಕೆ ಬೇಡ.

ಕಥೆ ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿನದಾದರೆ ಕೋಡ್ ನಾಲ್ಕು ಅಂಕಿ, ಅಷ್ಟೇ. ಕೆನಡಾದ್ದು ಅಕ್ಷರ, ಅಂಕಿ, ಅಕ್ಷರ, ಮತ್ತೆ ಅಂಕಿ, ಅಕ್ಷರ, ಅಂಕಿ ಅಂತ ಒಂದು ಬಿಟ್ಟು ಒಂದು ಬರುತ್ತದೆ.

ಮೊಬೈಲ್ ನಂಬರು: ಎಣಿಸಿ ನೋಡಿ

ಆತ ಹೇಳುತ್ತಾನೆ: "ಓ ಡಬಲ್ ಸೆವೆನ್ ಡಬಲ್ ಓ, ನೈನ್ ಡಬಲ್ ಓ, ತ್ರೀ ಡಬಲ್ ಎಯ್ಟ್."

"ಓ" ಇಲ್ಲಿ ಸೊನ್ನೆ. ಫೋನ್ ನಂಬರಿನಲ್ಲಿ ಬ್ರಿಟಿಷರು ಜೀರೋ ಅನ್ನುವುದಕ್ಕಿಂತ ಓ ಅನ್ನುವುದೇ ಜಾಸ್ತಿ. ಉತ್ತರ `07700 900388`. (ಅಂದ ಹಾಗೆ 07700 900 ಇಂದ ಶುರುವಾಗುವ ಸಾವಿರ ನಂಬರುಗಳನ್ನು ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್ ನಾಟಕ, ಧಾರಾವಾಹಿಗಳಿಗೆಂದೇ ಮೀಸಲಿಟ್ಟಿದೆ. ಅದಕ್ಕೇ ಇಲ್ಲಿ ಅದನ್ನು ಬಳಸಿದೆ.)

ನಮ್ಮವರ ಮುಖ್ಯ ತೊಂದರೆ ಇಲ್ಲಿ ಅಭ್ಯಾಸಬಲ. ನಮ್ಮ ಮೊಬೈಲ್ ನಂಬರು ಹತ್ತು ಅಂಕಿ. ಹತ್ತು ಬರೆದ ತಕ್ಷಣ ಕೈ ನಿಲ್ಲುತ್ತದೆ. ಬ್ರಿಟನ್ನಿನ ಮೊಬೈಲ್ ನಂಬರು ಮೊದಲ ಸೊನ್ನೆ ಸೇರಿ ಹನ್ನೊಂದು, ಶುರು 07 ಇಂದ. ಆಸ್ಟ್ರೇಲಿಯಾದ್ದು ಹತ್ತು, ಶುರು 04 ಇಂದ. ಬರೆದ ಮೇಲೆ ಎಣಿಸಿ. ಹತ್ತೇ ಇದ್ದರೆ ಎಲ್ಲೋ ಒಂದು ಡಬಲ್ ಅನ್ನು ಸಿಂಗಲ್ ಮಾಡಿದ್ದೀರಿ. ನಿಮ್ಮ ಗುಂಪುಗಳನ್ನು ನೋಡಿ: ಐದು, ಮೂರು, ಮೂರು. ಯಾವ ಗುಂಪು ಕಮ್ಮಿ ಇದೆ ಅಂತ ಕಾಣುತ್ತದೆ. ಇದು ಸಾಧ್ಯವಾಗಬೇಕಾದರೆ ಅವರು ಉಸಿರು ತೆಗೆದುಕೊಂಡ ಕಡೆ ನೀವೂ ಜಾಗ ಬಿಟ್ಟು ಬರೆದಿರಬೇಕು.

ಠೇವಣಿ: ಎರಡು ಮೊತ್ತದಲ್ಲಿ ಯಾವುದು

ಅಂಗಡಿಯ ಹೆಂಗಸು ದಿನದ ಬಾಡಿಗೆ 15 ಪೌಂಡ್ ಅನ್ನುತ್ತಾರೆ, ಠೇವಣಿ 50 ಪೌಂಡ್ ಅನ್ನುತ್ತಾರೆ. ಫಾರ್ಮ್ ಕೇಳಿರುವುದು `Deposit`. ಕಿವಿ ಎರಡನ್ನೂ ಸರಿಯಾಗಿ ಹಿಡಿದರೂ, ಮೊದಲು ಕೇಳಿದ್ದನ್ನು ಬರೆದು ತೃಪ್ತರಾದರೆ ತಪ್ಪು. ಹತ್ತಿರ ಯಾವ ಪದ ಇತ್ತು ಅಂತ ನೋಡಿ. ಉತ್ತರ `50`. ಪೌಂಡ್ ಗುರುತು ಆಗಲೇ ಅಚ್ಚಾಗಿದೆ.

ಪೈಸೆ ಸೇರಿದ್ದರೆ "ಟ್ವೆಲ್ವ್ ಫಿಫ್ಟಿ" ಅಂತ ಚುಟುಕಾಗಿ ಹೇಳುತ್ತಾರೆ. ಅದು `12.50`, `1250` ಅಲ್ಲ. ಸೈಕಲ್ ಬಾಡಿಗೆ ಸಾವಿರದ ಲೆಕ್ಕದಲ್ಲಿ ಇರುವುದಿಲ್ಲ ಅಂತ ಬುದ್ಧಿಗೆ ಗೊತ್ತಾಗಬೇಕು. ಕಾರು ಕೊಳ್ಳುವ ಮಾತಾದರೆ "ಟ್ವೆಲ್ವ್ ಫಿಫ್ಟಿ" ಸಾವಿರದ ಇನ್ನೂರೈವತ್ತೇ ಆಗಬಹುದು.

ಮನೆಯಲ್ಲಿ ಅಭ್ಯಾಸ

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಸರಿಯಾದ ಸದ್ದು ಬೇಕು. ತಮ್ಮನೋ ತಂಗಿಯೋ ಓದಿ ಹೇಳಿದರೆ ಅವರೂ "ಆರ್", "ಹೆಚ್" ಅಂತಲೇ ಹೇಳುತ್ತಾರೆ, ಕಿವಿ ತಿದ್ದುವುದಿಲ್ಲ. ಐಇಎಲ್‌ಟಿಎಸ್‌ನವರ ಅಧಿಕೃತ ಜಾಲತಾಣದಲ್ಲಿ ಮಾದರಿ ಆಡಿಯೋಗಳು ಉಚಿತವಾಗಿ ಸಿಗುತ್ತವೆ. ಮೊದಲ ಭಾಗದ ಆಡಿಯೋ ಒಂದನ್ನು ಪರೀಕ್ಷೆಯ ಹಾಗೇ ಒಂದೇ ಸಲ ಕೇಳಿ ಬರೆಯಿರಿ. ಆಮೇಲೆ ಬಿಡಿಸಿ ಹೇಳುವ ಆ ಐದಾರು ಸೆಕೆಂಡನ್ನು ಮಾತ್ರ ಹಿಂದೆ ಮುಂದೆ ಹಾಕಿ ಹತ್ತು ಸಲ ಕೇಳಿ, ಅವರ ಜೊತೆ ಅವರ ಹಾಗೇ ಬಾಯಲ್ಲಿ ಹೇಳಿ. ಬಾಯಿಗೆ "ಆ" ಬಂದರೆ ಕಿವಿಗೂ ಬರುತ್ತದೆ.

ತಪ್ಪಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲಾಗಿ ಬರೆದಿಡಿ: ಎಡಕ್ಕೆ ಬರೆಯಬೇಕಿದ್ದ ಅಕ್ಷರ, ಬಲಕ್ಕೆ ನೀವು ಬರೆದದ್ದು. ಎರಡು ವಾರದಲ್ಲಿ ನಿಮ್ಮ ಕಿವಿ ಯಾವ ಜೋಡಿಯಲ್ಲಿ ಸೋಲುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಎಲ್ಲರದ್ದೂ ಒಂದೇ ಥರ ಇರುವುದಿಲ್ಲ. ಆ ನರ್ಸ್‌ಗೆ R ಮತ್ತು H ಬಿಟ್ಟರೆ ಬೇರೆ ತೊಂದರೆಯೇ ಇರಲಿಲ್ಲ. ಮಂಗಳೂರಿನ ಇನ್ನೊಬ್ಬರಿಗೆ ಅಕ್ಷರ ಎಲ್ಲ ಸರಿ, ಡಬಲ್ ಬಂದರೆ ಮಾತ್ರ ಕೈ ತಡವರಿಸುತ್ತಿತ್ತು.

ಕೊನೆಯ ನಿಮಿಷಗಳು

ಪೇಪರಿನಲ್ಲಿ ಬರೆಯುವವರಿಗೆ ಉತ್ತರಗಳನ್ನು ಉತ್ತರಪತ್ರಿಕೆಗೆ ಇಳಿಸಲು 10 ನಿಮಿಷ ಸಿಗುತ್ತದೆ. ಕಂಪ್ಯೂಟರಿನಲ್ಲಾದರೆ ನೋಡಿಕೊಳ್ಳಲು 2 ನಿಮಿಷ ಮಾತ್ರ. ಪೇಪರಿನಲ್ಲಿ ಇಳಿಸುವಾಗ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಅದಕ್ಕೆ ಅವಕಾಶ ಇದೆ. ಸಣ್ಣ ಅಕ್ಷರದ ಕೈಬರಹದಲ್ಲಿ u ಮತ್ತು v, n ಮತ್ತು h, a ಮತ್ತು o ಒಂದೇ ಥರ ಕಾಣುತ್ತವೆ. ಸರಿಯಾಗಿ ಕೇಳಿಸಿಕೊಂಡು, ಓದಲಾಗದ ಹಾಗೆ ಬರೆದು ಅಂಕ ಬಿಡುವುದು ತುಂಬಾ ಬೇಸರದ ಸಂಗತಿ.

ಕಂಪ್ಯೂಟರಿನಲ್ಲಿ ಬರೆಯುವವರು ಆ ಎರಡು ನಿಮಿಷದಲ್ಲಿ ಈ ಫಾರ್ಮಿನ ಸಾಲಿಗೇ ಮೊದಲು ಬನ್ನಿ. ಹೆಸರಿನಲ್ಲಿ ಡಬಲ್ ಬಂದಿದ್ದ ಅಕ್ಷರ ಎರಡು ಸಲ ಟೈಪ್ ಆಗಿದೆಯಾ? ಪೋಸ್ಟ್‌ಕೋಡಿನ ಕೊನೆಯ ಎರಡೂ ಅಕ್ಷರಗಳೇನಾ? ಮೊಬೈಲಿನಲ್ಲಿ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಒತ್ತಿಲ್ಲ ತಾನೇ? ಅಂಕಿಗಳು ಹನ್ನೊಂದು ಇವೆಯಾ? ಅನುಮಾನ ಇದ್ದ ಕಡೆ ನೀವು ಬಿಟ್ಟ ಗೆರೆ ಹಾಗೇ ಉಳಿದಿದ್ದರೆ, ಮೊದಲು ಇಡೀ ಹೆಸರು ಕೇಳಿದ್ದನ್ನು ನೆನಪಿಸಿಕೊಂಡು ಒಂದು ಅಕ್ಷರ ತುಂಬಿ. ಖಾಲಿ ಬಿಡಬೇಡಿ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.